ಅಪ್‌ಡೇಟ್: ಕಾವೇರಿ ದಡದಲ್ಲಿ ನಾಲ್ಕು ಭಾನುವಾರ

ನಾನು ಕೇಳಿದ್ದು: "ಕುಶಾಲನಗರದಲ್ಲಿ ಅಕೌಂಟ್ಸ್ ಕೆಲಸ. ಕಾಫಿ ವ್ಯಾಪಾರದವರನ್ನು ಬಿಟ್ಟರೆ ಬೇರೆ ಫೀಲ್ಡ್‌ನವರ ಪರಿಚಯವೇ ಇಲ್ಲ. ಸೇವಾ ಕೆಲಸಕ್ಕೆ ಸೇರಿದರೆ ಆಗುತ್ತಾ?"

ಆಯ್ತು, ಆದರೆ ಮೊದಲ ಸಲ ಅಲ್ಲ. ಒಂದು ದಿನದ ಗಿಡ ನೆಡುವ ಕಾರ್ಯಕ್ರಮಕ್ಕೆ ಹೋದೆ. ಫೋಟೋ, ಉಪ್ಪಿಟ್ಟು, ಮುಗೀತು. ವಿಸಿಟಿಂಗ್ ಕಾರ್ಡ್ ಹಂಚಿದ್ದೂ ದಂಡ, ಒಬ್ಬರೂ ಫೋನ್ ಮಾಡಲಿಲ್ಲ.

"ಪ್ರತಿ ವಾರ ಒಂದೇ ಕೆಲಸ ಹಿಡಿಯಿರಿ" ಅಂದವರಿಗೆ ಥ್ಯಾಂಕ್ಸ್. ಹೊಳೆ ದಡದ ಕಸ ಹೆಕ್ಕುವ ತಂಡದಲ್ಲಿ ತೂಕ ಬರೆಯುವುದು ಈಗ ನನ್ನ ಪಾಲು. ಎಲ್ಲರೂ ಚೀಲ ಹೊತ್ತು ನನ್ನ ಹತ್ತಿರವೇ ಬರಬೇಕಲ್ವಾ! ತಕ್ಕಡಿ ಹಿಡಿಯುವವರು ಪಶುವೈದ್ಯರು. ಎರಡನೇ ವಾರ ನನ್ನ ಲೆಕ್ಕವೇ ತಪ್ಪು ಅಂತ ಗೊತ್ತಾಯ್ತು. ಒದ್ದೆ ಚೀಲದಲ್ಲಿ ಕೆಸರೂ ಪ್ಲಾಸ್ಟಿಕ್ಕಿನ ತೂಕಕ್ಕೆ ಸೇರುತ್ತಿತ್ತು. ಒಬ್ಬ ಸಿವಿಲ್ ಇಂಜಿನಿಯರ್ "ಕೊಡವಿ, ಒಣಗಿಸಿ ಆಮೇಲೆ ತೂಗಿ" ಅಂದರು. ಒಂದು ಚೀಲ 9 ಕಿಲೋದಿಂದ 5ಕ್ಕೆ ಇಳಿಯಿತು. ಆ ಜಗಳದಲ್ಲೇ ಸ್ನೇಹ ಬೆಳೆಯಿತು.

ಆಶ್ಚರ್ಯ ಅಂದರೆ, ಯಾರ ಕೆಲಸ ಏನು ಅಂತ ನಾನು ಕೇಳಲೇ ಇಲ್ಲ. ಹಸು ಸತ್ತಾಗ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಗುವುದನ್ನು ಡಾಕ್ಟರೇ ಹೇಳಿದರು. ಮೊನ್ನೆ ಅವರ ಕ್ಲಿನಿಕ್ಕಿನ ಜಿಎಸ್‌ಟಿ ವಿಷಯ ನನ್ನನ್ನು ಕೇಳಿದರು.

ಜೂನ್‌ನಲ್ಲಿ ಮಳೆ ಹಿಡಿದರೆ ಹೊಳೆಗೆ ಇಳಿಯುವಂತಿಲ್ಲ. ಸೇರುವವರು ಅದಕ್ಕೆ ಮೊದಲೇ ಬನ್ನಿ.