ಪದಚರ್ಚೆ: ‘ಲೈವ್ ಟೋಟಲ್’, ‘ಪೇಸ್’, ‘ಗಾರ್ಬೇಜ್ ಟೈಮ್’ – ಕನ್ನಡದಲ್ಲಿ ಏನೆನ್ನಬೇಕು?

ಆತ್ಮೀಯರೇ,

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿರುವಾಗಲೇ ಬುಕ್ಕಿಗಳು ಬಾಜಿಯ ಅಂಕಿಗಳನ್ನು ಹೇಗೆ ಬದಲಿಸುತ್ತಾರೆ ಎಂಬ ಲೇಖನವನ್ನು ಪತ್ರಿಕೆಯೊಂದಕ್ಕಾಗಿ ಅನುವಾದಿಸುತ್ತಿದ್ದೇನೆ. ಮೂರು ಪದಗಳು ನನ್ನನ್ನು ಕಾಡುತ್ತಿವೆ.

‘ಲೈವ್ ಟೋಟಲ್’ ಎಂಬುದನ್ನು ‘ಚಾಲ್ತಿ ಮೊತ್ತ’ ಎಂದು ಬರೆದಿದ್ದೆ. ಕರಡು ಓದಿದ ತಂಗಿ ಪೆನ್ಸಿಲಿನಿಂದ ಒಂದು ಸಾಲಿನ ಕೆಳಗೆ ಗೆರೆ ಎಳೆದು, ‘ಅಕ್ಕಾ, ಸ್ಕೋರು 36–32 ಎನ್ನುತ್ತೀಯ, ಮೊತ್ತ 239 ಎನ್ನುತ್ತೀಯ. ಕೂಡಿದರೆ 68 ಅಲ್ಲವೇ?’ ಎಂದಳು. ಅವಳು ಕನ್ನಡವನ್ನು ಸರಿಯಾಗಿಯೇ ಓದಿದ್ದಾಳೆ. ಆ ಸ್ಕೋರು ಮೊದಲ ಕ್ವಾರ್ಟರಿನದು, ಅಂದರೆ ಪಂದ್ಯದ ಮೊದಲ ಕಾಲುಭಾಗದ್ದು. ಪಂದ್ಯ ಮುಗಿಯುವ ಹೊತ್ತಿಗೆ ಎರಡೂ ತಂಡಗಳು ಸೇರಿ ಗಳಿಸಬಹುದಾದ ಅಂಕಗಳ ಅಂದಾಜು ಆ 239. ‘ಪೇಸ್’ಗೆ ‘ವೇಗ’ ಸಾಕೇ? ಗೆಲುವು ತೀರ್ಮಾನವಾದ ಮೇಲೆ ಉಳಿಯುವ ‘ಗಾರ್ಬೇಜ್ ಟೈಮ್’ಗೆ ‘ಕಾಟಾಚಾರದ ಆಟ’ ಎನ್ನಬಹುದೇ? ದಯವಿಟ್ಟು ತಿಳಿಸಿ.

ಧಾರವಾಡದಿಂದ

ಮೇಡಂ, ಇದಕ್ಕೆ ಇಷ್ಟು ತಲೆಬಿಸಿ ಬೇಡ. ಕ್ರಿಕೆಟ್ಟಿನ ರನ್‌ರೇಟ್‌ಗೆ ‘ರನ್ ಗತಿ’ ಎನ್ನುವಂತೆ ಇಲ್ಲಿ ‘ಅಂಕಗತಿ’ ಎನ್ನಿ. ಅಂಕ ಹೆಚ್ಚು ಬಂದರೆ ಗತಿ ಹೆಚ್ಚು, ಅಷ್ಟೇ. ನಾಲ್ಕನೆಯ ಒಂದು ಭಾಗದಲ್ಲಿ 68 ಬಂದಿದ್ದರೆ ಪಂದ್ಯಕ್ಕೆ 272 ಆಗಬೇಕು. ನಿಮ್ಮ ಲೇಖನದ 239 ಎಲ್ಲಿಂದ ಬಂತೋ ನನಗೆ ಅರ್ಥವಾಗಲಿಲ್ಲ. ಮೂಲದಲ್ಲೇ ಮುದ್ರಣದೋಷವಿರಬಹುದು, ನೋಡಿ.

ಮೈಸೂರಿನಿಂದ

ನಾನು ಕಾಲೇಜು ತಂಡದಲ್ಲಿ ಆಡುತ್ತಿದ್ದಾಗ ಕ್ವಾರ್ಟರ್ ಎಂಬ ಮಾತೇ ಇರಲಿಲ್ಲ. 20 ನಿಮಿಷದ ಎರಡು ಭಾಗಗಳು, ನಡುವೆ ವಿರಾಮ. ಅಂತರರಾಷ್ಟ್ರೀಯ ನಿಯಮದಲ್ಲಿ 10 ನಿಮಿಷದ ನಾಲ್ಕು ಭಾಗಗಳು ಬಂದದ್ದು 2000ದಲ್ಲಿ. ಆದ್ದರಿಂದ ಪೂರ್ವಾರ್ಧ, ಉತ್ತರಾರ್ಧ ಎಂದರೆ ಸಾಕು ಎಂದು ನನ್ನ ಅಭಿಪ್ರಾಯ.

‘ಕಾಟಾಚಾರ’ ಎಂಬ ಮಾತಿಗೆ ಮಾತ್ರ ನನ್ನ ವಿರೋಧವಿದೆ. ನಾನು ಬೆಂಚಿನಲ್ಲಿ ಕೂರುತ್ತಿದ್ದ ಆಟಗಾರ. ನಮ್ಮ ತಂಡ ಇಪ್ಪತ್ತು ಅಂಕ ಮುಂದಿದ್ದಾಗಲೋ ಹಿಂದಿದ್ದಾಗಲೋ ಮಾತ್ರ ಕೋಚ್ ನನ್ನತ್ತ ತಿರುಗುತ್ತಿದ್ದರು. ಆ ಐದು ನಿಮಿಷಕ್ಕಾಗಿ ವಾರವಿಡೀ ಕಾದಿರುತ್ತಿದ್ದೆ. ಚೆಂಡು ಕೈಗೆ ಬಂದರೆ ಎಸೆಯದೆ ಬಿಡುತ್ತಿರಲಿಲ್ಲ. ಅದು ಕಾಟಾಚಾರವಾಗಿದ್ದರೆ ನಾನು ಆಡಿದ್ದೆಲ್ಲವೂ ಕಾಟಾಚಾರವೇ.

ಸ್ಯಾನ್ ಹೋಸೆಯಿಂದ

ಧಾರವಾಡದ ಮಿತ್ರರ ರನ್‌ರೇಟ್ ಹೋಲಿಕೆಯಲ್ಲಿ ಅರ್ಧ ನಿಜವಿದೆ. ಆದರೆ ‘ಅಂಕಗತಿ’ ಎಂದ ಕೂಡಲೇ ಲೇಖನದ ತಿರುಳೇ ಕಳೆದುಹೋಗುತ್ತದೆ. ಒಂದು ತಂಡದ ಕೈಗೆ ಚೆಂಡು ಬಂದು, ಅಂಕವಾಗಿಯೋ ತಪ್ಪಿಯೋ ಎದುರಾಳಿಯ ಕೈಗೆ ಹೋಗುವವರೆಗಿನದು ಒಂದು ಸರದಿ. 48 ನಿಮಿಷದಲ್ಲಿ ಇಂಥ ಸರದಿಗಳು ಎಷ್ಟು ಬಂದವು ಎಂಬುದೇ ಪೇಸ್. ಈಗಿನ ಎನ್‌ಬಿಎಯಲ್ಲಿ ಪ್ರತಿ ತಂಡಕ್ಕೂ ನೂರರ ಆಸುಪಾಸು. ಆ ಸರದಿಗಳಲ್ಲಿ ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ಎಂಬುದು ಬೇರೆಯೇ ಲೆಕ್ಕ.

ಪಂದ್ಯಕ್ಕೆ ಮುಂಚೆ ಅಂದಾಜು 224 ಇತ್ತೆಂದು ಇಟ್ಟುಕೊಳ್ಳಿ. ತಲಾ 100 ಸರದಿ, ಸರದಿಗೆ 1.12 ಅಂಕ. ಮೊದಲ ಕ್ವಾರ್ಟರಿನಲ್ಲಿ ತಲಾ 25 ಸರದಿ ಬರಬೇಕಿತ್ತು, 26 ಬಂದವು, ಆದರೆ ಅಂಕ 68. ಅಂದರೆ ಗತಿ ಹೆಚ್ಚೇನೂ ಏರಿಲ್ಲ, ದೂರದ ಎಸೆತಗಳು ಬಿದ್ದಿವೆ, ಅಷ್ಟೇ. ಹನ್ನೆರಡು ನಿಮಿಷದಲ್ಲಿ ಕಂಡ ಎಸೆತದ ಗುರಿ ಉಳಿದ ಮೂವತ್ತಾರು ನಿಮಿಷಕ್ಕೂ ಹಾಗೆಯೇ ಇರುತ್ತದೆ ಎಂದು ನಂಬುವಂತಿಲ್ಲ. ಗತಿಯ ಏರಿಕೆಯಲ್ಲಿ ಅರ್ಧ ಮಾತ್ರ ಉಳಿಯುತ್ತದೆ, ಗುರಿ ಮೊದಲಿನ ಮಟ್ಟಕ್ಕೆ ಮರಳುತ್ತದೆ ಎಂದು ಹಿಡಿದರೆ ಮುಂದೆ ಕ್ವಾರ್ಟರಿಗೆ ತಲಾ 25.5 ಸರದಿ. ಇಬ್ಬರದೂ ಸೇರಿ 153 ಸರದಿಗೆ ಸುಮಾರು 171 ಅಂಕ. ಅದಕ್ಕೆ 68 ಕೂಡಿಸಿದರೆ ನಿಮ್ಮ 239. ಮುದ್ರಣದೋಷವಲ್ಲ.

ಈಗ ಇನ್ನೊಂದು ಪಂದ್ಯ. ಅಂಕ 65 ಮಾತ್ರ, ಆದರೆ ತಲಾ 29 ಸರದಿ. ಅದೇ ರೀತಿ ಹಿಡಿದರೆ ಮುಂದೆ ತಲಾ 27, ಒಟ್ಟು 162 ಸರದಿಗೆ 181 ಅಂಕ, ಅಂದಾಜು 246. ಸ್ಕೋರು ಕಡಿಮೆ, ಅಂದಾಜು ಹೆಚ್ಚು. ‘ಅಂಕಗತಿ’ ಎಂದು ಬರೆದರೆ ಈ ಎರಡು ಪಂದ್ಯಗಳನ್ನು ಓದುಗರು ಅದಲುಬದಲು ಮಾಡಿಕೊಳ್ಳುತ್ತಾರೆ. ‘ಅರ್ಧ’ ಎಂಬುದು ನನ್ನ ಊಹೆ. ಏರಿಕೆಯ ಕಾರಣ ನೋಡಿ ಅದನ್ನು ಬದಲಿಸಬೇಕು. ಚೆಂಡು ಸಿಕ್ಕ ಕೂಡಲೇ ಓಡುವುದೇ ತಂಡದ ಯೋಜನೆಯಾಗಿದ್ದರೆ ಹೆಚ್ಚು ಉಳಿಯುತ್ತದೆ. ನಾಲ್ಕಾರು ಬಾರಿ ಚೆಂಡು ಕೈತಪ್ಪಿದ್ದರಿಂದ ಏರಿದ್ದರೆ ಕಡಿಮೆ.

ಗಾರ್ಬೇಜ್ ಟೈಮ್ ವಿಷಯದಲ್ಲಿ ಮೈಸೂರಿನ ಹಿರಿಯರು ಹೇಳಿದ್ದು ಲೆಕ್ಕಕ್ಕೂ ಹೊಂದುತ್ತದೆ. ಮುಂದಿರುವ ತಂಡ ಚೆಂಡೆಸೆಯಲು ಸಿಗುವ 24 ಸೆಕೆಂಡಿನ ಗಡಿಯಾರವನ್ನು ಪೂರ್ತಿ ಬಳಸಿ ಸರದಿಗಳನ್ನು ಕಡಿಮೆ ಮಾಡುತ್ತದೆ. ಆದರೆ ಬೆಂಚಿನಿಂದ ಬಂದವರು ಉತ್ಸಾಹದಿಂದ ಎಸೆಯುತ್ತಾರೆ, ರಕ್ಷಣೆ ಸಡಿಲವಾಗುತ್ತದೆ. ಇವೆರಡೂ ಎದುರುಬದುರು ಎಳೆಯುವುದರಿಂದ ‘ಇನ್ನು ಅಂಕ ಬರುವುದಿಲ್ಲ’ ಎಂದು ಕಣ್ಣುಮುಚ್ಚಿ ಅಂದಾಜು ಇಳಿಸುವಂತಿಲ್ಲ. ಖಚಿತವಾಗಿ ಇಲ್ಲವಾಗುವುದು ಇನ್ನೊಂದು. ಆರೇಳು ಅಂಕ ಹಿಂದಿರುವ ತಂಡ ಕೊನೆಯ ನಿಮಿಷದಲ್ಲಿ ಬೇಕೆಂದೇ ಫೌಲ್ ಮಾಡುತ್ತದೆ, ಗಡಿಯಾರ ನಿಂತಿರುವಾಗಲೇ ಫ್ರೀ ಥ್ರೋಗಳಿಂದ ಅಂಕ ಬರುತ್ತಲೇ ಇರುತ್ತವೆ. 24 ಅಂಕದ ಅಂತರದಲ್ಲಿ ಆ ಫೌಲುಗಳೂ ಇಲ್ಲ, ಹೆಚ್ಚುವರಿ ಅವಧಿಯ ಸಾಧ್ಯತೆಯೂ ಇಲ್ಲ. ಪಂದ್ಯದ ಮುಂಚಿನ 224ರಲ್ಲಿ ಇವೆರಡರ ಪಾಲು ಸೇರಿರುತ್ತದೆ, ಅದನ್ನು ಕಳೆಯಬೇಕು. ಈ ಕಡಿತ ನಾಲ್ಕು ಅಂಕವಾದರೂ ಇಡೀ ಪಂದ್ಯದ ಬಾಜಿಯಲ್ಲಿ ಅದು 224ರಲ್ಲಿ ನಾಲ್ಕು, ನಾಲ್ಕನೇ ಕ್ವಾರ್ಟರಿನ ಬಾಜಿಯಲ್ಲಿ 56ರಲ್ಲಿ ನಾಲ್ಕು.

ಆ ಹೊತ್ತು ಯಾವಾಗ ಶುರುವಾಯಿತು ಎಂಬುದನ್ನು ಸ್ಕೋರು ಒಂದೇ ಹೇಳುವುದಿಲ್ಲ. ‘ಕ್ಲೀನಿಂಗ್ ದಿ ಗ್ಲಾಸ್’ ಎಂಬ ಅಂಕಿಅಂಶ ತಾಣವು ನಾಲ್ಕನೇ ಕ್ವಾರ್ಟರಿನ ಮೊದಲ ಮೂರು ನಿಮಿಷಕ್ಕೆ 25, ಮುಂದಿನ ಮೂರಕ್ಕೆ 20, ಆಮೇಲೆ 10 ಅಂಕದ ಅಂತರ ಬೇಕು ಎನ್ನುತ್ತದೆ. ಜೊತೆಗೆ ಎರಡೂ ತಂಡಗಳ ಆರಂಭಿಕ ಆಟಗಾರರಲ್ಲಿ ಒಟ್ಟು ಇಬ್ಬರಿಗಿಂತ ಹೆಚ್ಚು ಜನ ಅಂಗಳದಲ್ಲಿ ಇರಬಾರದು. 22ರ ಅಂತರ 11ಕ್ಕೆ ಇಳಿದರೆ ಕೋಚ್ ಆರಂಭಿಕ ಆಟಗಾರರನ್ನು ಮತ್ತೆ ಇಳಿಸುತ್ತಾರೆ, ಫೌಲುಗಳೂ ಮರಳುತ್ತವೆ. ಆಗ ಮೊದಲೇ ಕಡಿತ ಮಾಡಿದವರ ಲೆಕ್ಕ ಕೆಡುತ್ತದೆ.

ಇನ್ನೊಂದು ಎಚ್ಚರ. ಉತ್ತರಾರ್ಧದ ಬಾಜಿಗೆ ಸಾಮಾನ್ಯವಾಗಿ ಹೆಚ್ಚುವರಿ ಅವಧಿಯೂ ಸೇರುತ್ತದೆ. ನಾಲ್ಕನೇ ಕ್ವಾರ್ಟರಿನ ಬಾಜಿಯ ನಿಯಮ ಬುಕ್ಕಿಯಿಂದ ಬುಕ್ಕಿಗೆ ಬೇರೆಯಾಗಬಹುದು. ಎರಡು ಕ್ವಾರ್ಟರ್ ಕೂಡಿದರೆ ಉತ್ತರಾರ್ಧ ಎಂದು ನೀವು ಸೇರಿಸಿ ಬರೆಯಬೇಡಿ.

ಬೆಂಗಳೂರಿನಿಂದ

ಒಂದೊಂದು ಕ್ವಾರ್ಟರಿನ ಮೇಲಿನ ಬಾಜಿಗೆ ಇಂಗ್ಲಿಷಿನಲ್ಲಿ ಹೇಳುವ ‘ಕ್ವಾರ್ಟರ್ ಮಾರ್ಕೆಟ್’ ಎಂಬುದನ್ನು ‘ಮಾರುಕಟ್ಟೆ’ ಎಂದು ಮಾತ್ರ ಮಾಡಬೇಡಿ. ತರಕಾರಿ, ಷೇರು ಎಂದಂತೆ ಕೇಳಿಸುತ್ತದೆ. ‘ಕ್ವಾರ್ಟರ್ ಬಾಜಿ’ ಎಂದರೆ ಹಣ ಕಳೆಯುವ ಸಾಧ್ಯತೆಯೂ ಪದದಲ್ಲೇ ಕಾಣುತ್ತದೆ. 2025ರ ಕಾಯ್ದೆಯ ಪ್ರಕಾರ ಹಣವಿಟ್ಟು ಆಡುವ ಆನ್‌ಲೈನ್ ಆಟ ನಮ್ಮಲ್ಲಿ ನಿಷಿದ್ಧ ಎಂಬ ಸಾಲೊಂದು ಲೇಖನದಲ್ಲಿ ಇರಲಿ.

ಮತ್ತೆ ನಾನು

ಎಲ್ಲರಿಗೂ ನಮಸ್ಕಾರ. ‘ಸರದಿ’ ಸಿಕ್ಕಿದ್ದು ನನಗೆ ನಿಧಿ ಸಿಕ್ಕಂತಾಗಿದೆ. ಪೇಸ್‌ಗೆ ‘ಸರದಿಗತಿ’ ಎಂದು ಬರೆಯುತ್ತೇನೆ. ‘ವೇಗ’ ಎಂದರೆ ಆಟಗಾರರ ಓಟವೇ ಕಣ್ಣಿಗೆ ಬರುತ್ತದೆ. ಲೈವ್ ಟೋಟಲ್‌ಗೆ ‘ಚಾಲ್ತಿ ಅಂದಾಜು’. ತಂಗಿಗೆ ಆ ಸಾಲನ್ನು ಮತ್ತೆ ಓದಿಸಿದೆ, ಈ ಸಲ ಪೆನ್ಸಿಲ್ ಎತ್ತಲಿಲ್ಲ. ‘ಕಾಟಾಚಾರ’ವನ್ನು ಹೊಡೆದುಹಾಕಿದ್ದೇನೆ. ಸದ್ಯಕ್ಕೆ ‘ತೀರ್ಮಾನದ ನಂತರದ ಆಟ’ ಎಂದಿಟ್ಟಿದ್ದೇನೆ. ಆದರೆ 22 ಅಂಕದ ಅಂತರ 11ಕ್ಕೆ ಇಳಿಯಬಹುದಾದರೆ ತೀರ್ಮಾನ ಆಗಿದೆ ಎಂದು ಹೇಗೆ ಬರೆಯಲಿ? ‘ಬೆಂಚಿನವರ ಹೊತ್ತು’ ಎಂದರೆ ಮೈಸೂರಿನ ಹಿರಿಯರು ಒಪ್ಪುತ್ತಾರೆಯೇ?