ಮದುವೆ ಕಾರ್ಡಿಗೆ ಮೂರು ಕೊಟೇಷನ್: ನಿಜಕ್ಕೂ ಯಾವುದು ಕಡಿಮೆ?

ಕೇಳಿದವರು

ತಂಗಿಯ ಮದುವೆಗೆ 400 ಕಾರ್ಡು ಬೇಕು. 250 ಒಂದು ಭಾಷೆಯಲ್ಲಿ, 150 ಇನ್ನೊಂದು ಭಾಷೆಯಲ್ಲಿ. ಒಂದೇ ಮಡಿಕೆ. ಹೊರಗೆ ಬಣ್ಣದ ಚಿತ್ರ, ಒಳಗೆ ಬಣ್ಣದ ಅಂಚು, ನಡುವೆ ಒಕ್ಕಣೆ. ಒಬ್ಬರು ಡಿಜಿಟಲ್‌ನಲ್ಲಿ ಕಾರ್ಡಿಗೆ 24, ಕವರ್ ಸೇರಿ, ಬೇರೇನೂ ಇಲ್ಲ ಅಂದರು. ಎರಡನೆಯವರು ಆಫ್‌ಸೆಟ್‌ನಲ್ಲಿ ಕಾರ್ಡಿಗೆ 11, ಕವರಿಗೆ 3, ಜೊತೆಗೆ ಪ್ಲೇಟು ಮತ್ತು ಸೆಟ್ಟಿಂಗ್ 3200 ಅಂದರು. ಮೂರನೆಯವರು ಎಲ್ಲಾ ಸೇರಿ 14, ಆದರೆ ಕನಿಷ್ಠ 500 ಮಾಡಿಸಬೇಕು ಅಂದರು. ಮೊದಲ ಇಬ್ಬರು 300 ಜಿಎಸ್‌ಎಂ ಆರ್ಟ್ ಕಾರ್ಡ್ ಅಂತ ಬರೆದಿದ್ದಾರೆ, ಮೂರನೆಯವರು ‘ದಪ್ಪ ಕಾಗದ’ ಅಂತ ಮಾತ್ರ. ಇವನ್ನು ಹೋಲಿಸುವುದು ಹೇಗೆ?

ಇತ್ತೀಚೆಗೆ ಅಣ್ಣನ ಮದುವೆ ಮುಗಿಸಿದವರು

ನನ್ನ ಪ್ರಕಾರ ಸೆಟ್ಟಿಂಗ್ ಚಾರ್ಜ್ ಕೇಳುವವರ ಹತ್ತಿರ ಹೋಗಲೇಬೇಡಿ. ಕಾರ್ಡಿಗೆ ಇಷ್ಟು ಅಂತ ಒಂದೇ ದರ ಹೇಳುವವರೇ ನೇರ ಮನುಷ್ಯರು. ಪ್ಲೇಟು ಅವರ ಕೆಲಸದ ಸಾಮಾನು, ಅದಕ್ಕೆ ನಾವು ಯಾಕೆ ಕೊಡಬೇಕು? ನಾವು ಹಾಗೆಯೇ ಮಾಡಿಸಿದೆವು, ಯಾವ ತಕರಾರೂ ಬರಲಿಲ್ಲ. ಎಷ್ಟು ಕಾರ್ಡಿಗೆ ಎಷ್ಟಾಗುತ್ತದೆ ಅಂತ ಬಾಯಲ್ಲೇ ಲೆಕ್ಕ ಹಾಕಿಬಿಡಬಹುದು.

ಮುದ್ರಣಾಲಯದಲ್ಲಿ ಬಹುಕಾಲ ಕೆಲಸ ಮಾಡಿದವರು

ಒಂದೇ ದರ ಇದ್ದರೆ ಲೆಕ್ಕ ಸುಲಭ ಅನ್ನುವುದು ಸರಿ. ಆದರೆ ಪ್ಲೇಟಿನ ಖರ್ಚು ಎಲ್ಲಿಗೂ ಹೋಗುವುದಿಲ್ಲ. ಬೇರೆ ತೋರಿಸದವರು ಅದನ್ನು ಕಾರ್ಡಿನ ದರದೊಳಗೆ ಸೇರಿಸಿರುತ್ತಾರೆ, ಇಲ್ಲವೇ ‘ಕನಿಷ್ಠ ಇಷ್ಟು ಮಾಡಿಸಿ’ ಅನ್ನುವ ಷರತ್ತಿನಲ್ಲಿ ಹೊಂದಿಸಿಕೊಂಡಿರುತ್ತಾರೆ. ಆ ಪ್ಲೇಟು ಈ ವಿನ್ಯಾಸ ಬಿಟ್ಟು ಬೇರೆ ಯಾವುದಕ್ಕೂ ಬಾರದು, ಹಾಗಾಗಿ ಅದನ್ನು ಬಿಡಿಸಿ ಬರೆದವರನ್ನು ಅನುಮಾನಿಸಬೇಡಿ. ಬಿಡಿಸಿ ಬರೆದಿದ್ದರೆ ನಮಗೇ ಅನುಕೂಲ.

ಮೊದಲು ಎರಡು ಭಾಷೆಯ ವಿಷಯ ಬಿಟ್ಟು, 400 ಕಾರ್ಡೂ ಒಂದೇ ಅಂದುಕೊಂಡು ನೋಡಿ. ಡಿಜಿಟಲ್‌ಗೆ 9600. ಆಫ್‌ಸೆಟ್‌ಗೆ ಕಾರ್ಡು, ಕವರ್ ಸೇರಿ 14ರಂತೆ 5600, ಅದಕ್ಕೆ 3200 ಕೂಡಿಸಿದರೆ 8800. ಕಾರ್ಡೊಂದಕ್ಕೆ 10 ಉಳಿಯುತ್ತದೆ, ಹಾಗಾಗಿ 320ನೇ ಕಾರ್ಡಿಗೆ ಸೆಟ್ಟಿಂಗ್ ಖರ್ಚು ತೀರಿತು. ಅದರಿಂದಾಚೆ ಆಫ್‌ಸೆಟ್ ಅಗ್ಗ.

ಈಗ ಎರಡನೆಯ ಭಾಷೆ. ಬಣ್ಣದ ಆಫ್‌ಸೆಟ್ ಅಂದರೆ ನೀಲಿ, ಕೆಂಪು, ಹಳದಿ, ಕಪ್ಪು, ಹೀಗೆ ನಾಲ್ಕು ಪ್ಲೇಟು. ಒಳಗೂ ಹೊರಗೂ ಸೇರಿ ಎಂಟು. ಅವರ 3200ನ್ನು ಎಂಟರಿಂದ ಭಾಗಿಸಿದರೆ ಪ್ಲೇಟೊಂದಕ್ಕೆ 400 ಬಿತ್ತು. ಹೊರಭಾಗದಲ್ಲಿ ಬರಹ ಇಲ್ಲದಿದ್ದರೆ ಅದು ಎರಡೂ ಭಾಷೆಗೆ ಒಂದೇ. ಒಳಭಾಗದಲ್ಲಿ ಏನು ಬದಲಾಗುತ್ತದೆ ಅನ್ನುವುದೇ ಎಲ್ಲಾ ತೀರ್ಮಾನ ಮಾಡುತ್ತದೆ. ಒಕ್ಕಣೆ ಅಪ್ಪಟ ಕಪ್ಪಿನಲ್ಲಿದ್ದರೆ 250 ಮುಗಿದ ಮೇಲೆ ಕಪ್ಪು ಪ್ಲೇಟೊಂದನ್ನೇ ತೆಗೆದು ಇನ್ನೊಂದು ಹಾಕುತ್ತೇವೆ, ಉಳಿದ ಮೂರನ್ನು ಮುಟ್ಟುವುದಿಲ್ಲ. 400 ಹೆಚ್ಚಿತು, ಒಟ್ಟು 9200. ಆಗಲೂ ಡಿಜಿಟಲ್‌ಗಿಂತ ಕಡಿಮೆಯೇ. ಅದೇ ಒಕ್ಕಣೆಯನ್ನು ಮರೂನ್ ಬಣ್ಣದಲ್ಲಿ ಮಾಡಿದಿರಿ ಅಂದರೆ, ಆ ಬಣ್ಣ ಹುಟ್ಟುವುದು ಹಲವು ಶಾಯಿಗಳು ಒಂದರ ಮೇಲೊಂದು ಬಿದ್ದು. ಒಳಭಾಗದ ನಾಲ್ಕೂ ಪ್ಲೇಟು ಹೊಸದಾಗಬಹುದು. ಆಗ 10,400. ಡಿಜಿಟಲ್‌ನವರಿಗೆ ಪ್ಲೇಟೇ ಇಲ್ಲ, ಎರಡು ಭಾಷೆಯಾದರೂ ಅದೇ 9600.

ಅಂದರೆ ಅಕ್ಷರದ ಬಣ್ಣ ನಿರ್ಧಾರವಾಗುವ ಮುಂಚೆ ಈ ಎರಡರಲ್ಲಿ ಯಾವುದು ಅಗ್ಗ ಅಂತ ಹೇಳುವುದಕ್ಕೇ ಆಗುವುದಿಲ್ಲ.

ಮೂರನೆಯವರಿಗೆ ಒಂದೇ ಪ್ರಶ್ನೆ ಕೇಳಿ: ಕನಿಷ್ಠ 500 ಅನ್ನುವುದು ಎರಡೂ ಭಾಷೆ ಸೇರಿಯೋ, ಒಂದೊಂದಕ್ಕೂ ಬೇರೆಯೋ? ಸೇರಿ ಅಂದರೆ 7000. ಬೇರೆ ಬೇರೆ ಅಂದರೆ 14,000.

ಹಿರಿಯರೊಬ್ಬರು

ಇಷ್ಟೆಲ್ಲಾ ತಲೆನೋವು ಯಾಕಮ್ಮ? ರೆಡಿಮೇಡ್ ಕಾರ್ಡ್ ತಗೊಳ್ಳಿ. ಚಿತ್ರ, ಅಂಚು ಎಲ್ಲಾ ಮೊದಲೇ ಅಚ್ಚಾಗಿರುತ್ತದೆ, ಅಂಗಡಿಯವರು ನಿಮ್ಮ ಒಕ್ಕಣೆ ಮಾತ್ರ ಸ್ಕ್ರೀನ್ ಪ್ರಿಂಟ್ ಮಾಡಿ ಕೊಡುತ್ತಾರೆ. ನಮ್ಮ ಮನೆಯ ಎರಡು ಮದುವೆಗೂ ಅದೇ. ಒಕ್ಕಣೆಯಲ್ಲಿ ಹಿರಿಯರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ, ಅದೇ ದೊಡ್ಡ ವಿಷಯ.

ಮುದ್ರಣಾಲಯದವರು

ಅದೂ ಒಂದು ದಾರಿ ಹಿರಿಯರೇ, ಆದರೆ ಇವರದು ತಮ್ಮದೇ ಚಿತ್ರ ಇರುವ ಕಾರ್ಡು. ರೆಡಿಮೇಡ್‌ಗೆ ಹೋದರೂ ಸ್ಕ್ರೀನ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಒಂದೊಂದು ಭಾಷೆಗೂ ಇನ್ನೊಂದು. ಲೆಕ್ಕದ ಜಾಡು ಅದೇ. ಗಾಢ ಬಣ್ಣದ ಕಾಗದದ ಮೇಲೆ ತಿಳಿ ಬಣ್ಣದ ಅಕ್ಷರ ಬೇಕಿದ್ದರೆ ಮಾತ್ರ ಸ್ಕ್ರೀನ್ ಬಹಳ ಒಳ್ಳೆಯದು. ಅದರ ಶಾಯಿ ದಪ್ಪನಾಗಿ ಕೂರುತ್ತದೆ, ಆಫ್‌ಸೆಟ್ ಶಾಯಿ ಪಾರದರ್ಶಕ, ಕೆಳಗಿನ ಬಣ್ಣದಲ್ಲಿ ಮುಳುಗಿಹೋಗುತ್ತದೆ.

ಕಾರ್ಡು ವಿನ್ಯಾಸ ಮಾಡುವವರು

ಕಪ್ಪು ಒಕ್ಕಣೆ ಅಂದ ಕೂಡಲೇ ಮನೆಯವರು ಒಪ್ಪುವುದಿಲ್ಲ, ಶುಭಕಾರ್ಯಕ್ಕೆ ಕಪ್ಪು ಯಾಕೆ ಅನ್ನುತ್ತಾರೆ. ಅದು ಅವರವರ ಮನಸ್ಸಿಗೆ ಬಿಟ್ಟಿದ್ದು, ಒತ್ತಾಯ ಮಾಡುವುದಿಲ್ಲ. ಆದರೆ ಖರ್ಚು ಬಿಟ್ಟು ಇನ್ನೊಂದು ಕಾರಣವೂ ಇದೆ. ಸಣ್ಣ ಅಕ್ಷರ ನಾಲ್ಕು ಶಾಯಿಯಲ್ಲಿ ಮೂಡುವಾಗ ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಂಚಿಗೆ ಇನ್ನೊಂದು ಬಣ್ಣದ ನೆರಳು ಬರುತ್ತದೆ. ನಮ್ಮ ಲಿಪಿಯಲ್ಲಿ ಅದು ಮೊದಲು ಕಾಣುವುದು ಒತ್ತಕ್ಷರದಲ್ಲಿ. ಒತ್ತಿನ ಸಣ್ಣ ಸುಳಿಗಳು ಮುಚ್ಚಿಹೋಗಿ ಯಾವ ಅಕ್ಷರ ಅಂತ ತಿಳಿಯದ ಹಾಗಾಗುತ್ತದೆ. ಬಣ್ಣದ ಅಕ್ಷರವೇ ಬೇಕಾದರೆ ವಧೂವರರ ಹೆಸರಿನಂಥ ದೊಡ್ಡ ಅಕ್ಷರಕ್ಕೆ ಇಟ್ಟುಕೊಳ್ಳಿ. ಆದರೆ ಆ ಹೆಸರೂ ಎರಡು ಭಾಷೆಯಲ್ಲಿ ಬೇರೆಯಾದರೆ ಪ್ಲೇಟು ಬದಲಾಗುತ್ತದೆ, ಅದು ನೆನಪಿರಲಿ.

ಚಿನ್ನದ ಬಣ್ಣ ಏನಾದರೂ ಇದೆಯಾ? ನೀವು ಬರೆದಿಲ್ಲ. ನಾಲ್ಕು ಬಣ್ಣದ ಮುದ್ರಣದಲ್ಲಿ ಹೊಳೆಯುವ ಚಿನ್ನ ಬರುವುದಿಲ್ಲ, ಸಾಸಿವೆ ಅಥವಾ ಕಂದು ಬಣ್ಣವಾಗಿ ಕಾಣುತ್ತದೆ. ಹೊಳಪು ಬೇಕಾದರೆ ಫಾಯಿಲ್, ಅದಕ್ಕೆ ಸಾಮಾನ್ಯವಾಗಿ ಲೋಹದ ಬ್ಲಾಕ್ ಮಾಡಿಸಬೇಕು, ಅದರ ದರ ಬೇರೆ. ಹೆಸರಿಗೆ ಫಾಯಿಲ್ ಅಂದರೆ ಎರಡು ಭಾಷೆಗೆ ಎರಡು ಬ್ಲಾಕ್. ಹೊರಗಿನ ಬಳ್ಳಿಗೋ ಹೂವಿಗೋ ಹಾಕಿಸಿದರೆ ಒಂದೇ ಬ್ಲಾಕಿನಲ್ಲಿ ಎಲ್ಲಾ ಮುಗಿಯಿತು.

ಕಾಗದದಲ್ಲಿ ತೊಂದರೆ ಅನುಭವಿಸಿದವರು

ಬಣ್ಣದ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ. ನಮಗೆ ತೋರಿಸಿದ ಮಾದರಿ ಗಟ್ಟಿಯಾಗಿತ್ತು, ಬಂದ ಕಾರ್ಡು ನಿಲ್ಲಿಸಿದರೆ ಬಾಗುತ್ತಿತ್ತು. ಕೊಟೇಷನ್‌ನಲ್ಲಿ ‘ಒಳ್ಳೆಯ ಕಾಗದ’ ಅಂತಷ್ಟೇ ಇದ್ದುದರಿಂದ ವಾದ ಮಾಡುವುದಕ್ಕೂ ಏನೂ ಇರಲಿಲ್ಲ. ಹಾಗಾಗಿ ನಿಮ್ಮ ಮೂರನೆಯವರಿಂದ ಜಿಎಸ್‌ಎಂ ಎಷ್ಟು, ಯಾವ ಜಾತಿಯ ಕಾಗದ ಅಂತ ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಬಂದ ಮೇಲೆ ಪರೀಕ್ಷೆ ಮಾಡುವುದು ಕಷ್ಟವಲ್ಲ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಕಾರ್ಡು ಬಿಚ್ಚಿದಾಗ 20 ಸೆಂಟಿಮೀಟರ್ ಉದ್ದ, 20 ಅಗಲ ಇದೆ ಅನ್ನಿ. ಅದು ಚದರ ಮೀಟರಿನ 25ರಲ್ಲಿ ಒಂದು ಪಾಲು. 300 ಜಿಎಸ್‌ಎಂ ಆದರೆ ಒಂದು ಕಾರ್ಡು 12 ಗ್ರಾಂ ತೂಗಬೇಕು, ಹತ್ತು ಕಾರ್ಡು 120. ಅಡುಗೆಮನೆಯ ತಕ್ಕಡಿಯೇ ಸಾಕು. ಒಂದೆರಡು ಗ್ರಾಂ ಆಚೀಚೆ ಆಗಬಹುದು, 100 ಗ್ರಾಂ ತೋರಿಸಿದರೆ ನಿಮಗೆ ಬಂದಿರುವುದು 250ರ ಕಾಗದ.

ಅಣ್ಣನ ಮದುವೆ ಮುಗಿಸಿದವರು

ಹಾಗಾದರೆ ಜಿಎಸ್‌ಎಂ ಹೆಚ್ಚಾದಷ್ಟೂ ದಪ್ಪ, ದಪ್ಪ ಆದಷ್ಟೂ ಒಳ್ಳೆಯದು ಅಂತ ತಾನೇ? 350 ಕೇಳಿಬಿಡಿ.

ಮುದ್ರಣಾಲಯದವರು

ಒಂದೇ ಜಾತಿಯ ಕಾಗದದೊಳಗೆ ಆ ಮಾತು ನಡೆಯುತ್ತದೆ. ಜಾತಿ ಬದಲಾದರೆ ನಡೆಯುವುದಿಲ್ಲ. ಆರ್ಟ್ ಕಾರ್ಡನ್ನು ಲೇಪ ಕೊಟ್ಟು ಒತ್ತಿ ನಯ ಮಾಡಿರುತ್ತಾರೆ, ಅದೇ ತೂಕದ ಲೇಪವಿಲ್ಲದ ಕಾಗದ ಕೈಗೆ ಅದಕ್ಕಿಂತ ದಪ್ಪ ಸಿಗುತ್ತದೆ. ಇನ್ನು ಮಡಿಕೆ. 300ರ ಕಾರ್ಡಿಗೆ ಮೊದಲು ಕ್ರೀಸಿಂಗ್ ಹಾಕಿ, ಅಂದರೆ ಮಡಿಕೆ ಬರುವ ಕಡೆ ಒತ್ತಿ ಗೆರೆ ಮೂಡಿಸಿ, ಆಮೇಲೆ ಮಡಚಬೇಕು, ಇಲ್ಲದಿದ್ದರೆ ಮಡಿಕೆಯ ಮೇಲೆ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. 350ಕ್ಕೆ ಇನ್ನೂ ಹೆಚ್ಚು. ಇವರ ಚಿತ್ರ ಮಡಿಕೆಯ ಮೇಲೇ ಹಾದುಹೋಗುತ್ತದಾದರೆ ಅದು ಕಣ್ಣಿಗೆ ರಾಚುತ್ತದೆ. ಮೂವರಲ್ಲಿ ಒಬ್ಬರಾದರೂ ಕ್ರೀಸಿಂಗ್ ಮತ್ತು ಮಡಚುವ ಕೂಲಿ ಸೇರಿದೆ ಅಂತ ಬರೆದಿದ್ದಾರಾ?

ಕೇಳಿದವರು

ಇಲ್ಲ, ಯಾರೂ ಬರೆದಿರಲಿಲ್ಲ. ಎಲ್ಲರಿಗೂ ಫೋನ್ ಮಾಡಿದೆ. ಡಿಜಿಟಲ್‌ನವರು, ಆಫ್‌ಸೆಟ್‌ನವರು ಇಬ್ಬರೂ ಸೇರಿದೆ ಅಂದರು, ಬರೆದು ಕಳಿಸುತ್ತಾರಂತೆ. ಮೂರನೆಯವರು ಭಾಷೆಗೊಂದು 500 ಅಂದರು, ಅವರನ್ನು ಬಿಟ್ಟೆ. ಚಿನ್ನದ ಬಣ್ಣ ಬೇಡ. ಒಕ್ಕಣೆ ಕಪ್ಪಿನಲ್ಲಿರಲಿ ಅಂತ ಅಪ್ಪ ಒಪ್ಪಿದ್ದಾರೆ, ಅಮ್ಮ ಇನ್ನೂ ಒಪ್ಪಿಲ್ಲ. ಆಫ್‌ಸೆಟ್‌ನವರು ಇನ್ನೊಂದು ಮಾತು ಹೇಳಿದರು: ಎರಡೂ ಭಾಷೆಗೆ 200ರಂತೆ ಮಾಡಿಸಿದರೆ ಹೆಚ್ಚಿಗೆ ಪ್ಲೇಟೇ ಬೇಡವಂತೆ. ಅದು ಹೇಗೆ?

ಮುದ್ರಣಾಲಯದವರು

ಅವರ ಹಾಳೆಯಲ್ಲಿ ಎರಡು ಕಾರ್ಡು ಪಕ್ಕಪಕ್ಕ ಹಿಡಿಯುತ್ತದೆ ಅಂತ ಕಾಣುತ್ತದೆ. ಒಂದೇ ಪ್ಲೇಟಿನಲ್ಲಿ ಒಂದು ಕಡೆ ಒಂದು ಭಾಷೆ, ಇನ್ನೊಂದು ಕಡೆ ಇನ್ನೊಂದು. 200 ಹಾಳೆ ಓಡಿಸಿ ಕತ್ತರಿಸಿದರೆ ಎರಡರಲ್ಲೂ 200 ಸಿಗುತ್ತದೆ, ಅಕ್ಷರ ಯಾವ ಬಣ್ಣದಲ್ಲಿದ್ದರೂ ಸರಿ. ಹಾಗಾದರೆ ನಿಮ್ಮ ತಾಯಿಯವರ ಇಷ್ಟದ ಬಣ್ಣಕ್ಕೂ 8800ರಲ್ಲೇ ಆಗುತ್ತದೆ. ತೊಡಕು ಒಂದೇ, ನಿಮಗೆ ಬೇಕಿರುವುದು 250 ಮತ್ತು 150. 250 ಹಾಳೆ ಓಡಿಸಿದರೆ ಎರಡನೆಯ ಭಾಷೆಯಲ್ಲಿ 100 ಹೆಚ್ಚಾಗಿ ಉಳಿಯುತ್ತವೆ. ಅವಕ್ಕೆ ಕವರ್ ಬೇಡ, ಬರೀ ಕಾರ್ಡಿನ 11ರಂತೆ 1100 ಸೇರಿ 9900. ಅದರ ಬದಲು ಬಣ್ಣದ ಒಕ್ಕಣೆಯನ್ನು ಡಿಜಿಟಲ್‌ನಲ್ಲಿ ಮಾಡಿಸಿದರೆ 9600. ಮೊದಲು ಅತಿಥಿಗಳ ಪಟ್ಟಿ ಇನ್ನೊಮ್ಮೆ ನೋಡಿ, 210–190ರ ಹತ್ತಿರಕ್ಕೆ ತರಲು ಸಾಧ್ಯವಾ ಅಂತ.

ಆಫ್‌ಸೆಟ್‌ಗೆ ಒಪ್ಪುವ ಮುಂಚೆ ಜೊತೆಯಲ್ಲೇ 50 ಹೆಚ್ಚು ಮಾಡಿಸಿದರೆ ಎಷ್ಟು ಅಂತಲೂ ಬರೆಸಿಕೊಳ್ಳಿ. ಮಿಷನ್ ಓಡುತ್ತಿರುವಾಗ ಆ 50ಕ್ಕೆ ಹೆಚ್ಚುವುದು ಬಹುಪಾಲು ಕಾಗದದ ಖರ್ಚು. ಕಾರ್ಡು ಸಾಲಲಿಲ್ಲ ಅಂತ ಆಮೇಲೆ ಹೋದರೆ ಮತ್ತೆ ಪ್ಲೇಟು ಕಟ್ಟಿ, ಬಣ್ಣ ಹೊಂದಿಸಿ, ಹಾಳೆ ವೇಸ್ಟ್ ಮಾಡಿ ಶುರು ಮಾಡಬೇಕು. ಡಿಜಿಟಲ್‌ನಲ್ಲಿ ಈ ಚಿಂತೆ ಇಲ್ಲ, ಆಮೇಲೆ 20 ಬೇಕಾದರೂ ಹೆಚ್ಚುಕಡಿಮೆ ಅದೇ ದರಕ್ಕೆ ತರಬಹುದು.

ವಿನ್ಯಾಸ ಮಾಡುವವರು

ಇಷ್ಟು ಹತ್ತಿರದ ಮೊತ್ತಗಳಾದರೆ ನಾನು ಡಿಜಿಟಲ್ ಅನ್ನುತ್ತೇನೆ. ನಿಜವಾದ ಕಾಗದದ ಮೇಲೆ ಒಂದೇ ಒಂದು ಕಾರ್ಡು ತೆಗೆಸಿ ನೋಡಿ ಒಪ್ಪಿಗೆ ಕೊಡಬಹುದು.

ಮುದ್ರಣಾಲಯದವರು

ಮಾದರಿ ನೋಡುವ ಅನುಕೂಲ ಒಪ್ಪುತ್ತೇನೆ. ಆದರೆ ಡಿಜಿಟಲ್‌ನಲ್ಲಿ ಶಾಯಿಯ ಬದಲು ಬಳಸುವ ಟೋನರ್ ಪುಡಿಯಲ್ಲಿ ಮಾಡಿದ ಗಾಢ ಬಣ್ಣ ಮಡಿಕೆಯಲ್ಲಿ ಆಫ್‌ಸೆಟ್‌ಗಿಂತ ಬೇಗ ಒಡೆಯುವುದನ್ನು ನಾನು ಕಂಡಿದ್ದೇನೆ. ಆ ಮಾದರಿ ಕಾರ್ಡನ್ನು ಕ್ರೀಸಿಂಗ್ ಹಾಕಿಸಿಯೇ ತರಿಸಿ, ಹತ್ತಾರು ಸಲ ಮಡಚಿ ಬಿಚ್ಚಿ ನೋಡಿ. ಬಿಳಿ ಗೆರೆ ಬಂದರೆ ಚಿತ್ರವನ್ನು ಮಡಿಕೆಯಿಂದ ಈಚೆಗೆ ಸರಿಸಿ, ಇಲ್ಲವೇ ಆಫ್‌ಸೆಟ್‌ಗೆ ಕೊಡಿ.