‘ಸ್ಪಾನ್ಸರ್ ಮಾಡಿ’ ಅನ್ನೋದನ್ನ ಕಾಗದದಲ್ಲಿ ಹೇಗೆ ಬರೆಯಲಿ? (ತುರ್ತು)

ಪಿ.ಟಿ. ಮೇಷ್ಟ್ರು, ಶಿರಾ:
ನಾಳೆ ಬೆಳಿಗ್ಗೆ ಹೆಡ್‌ಮೇಷ್ಟ್ರ ಸಹಿ ಹಾಕಿಸಿ ಊರಿನ ಸ್ಪೋರ್ಟ್ಸ್ ಅಂಗಡಿಗೆ ಕಾಗದ ಕೊಡಬೇಕು. ತಾಲ್ಲೂಕು ಮಟ್ಟದ ಮೇಲಾಟಕ್ಕೆ ಹೊರಟ ನಮ್ಮ 12 ಮಕ್ಕಳಿಗೆ ಓಟದ ಶೂ ಬೇಕು. ಸದ್ಯ ಬರೆದಿರುವುದು: ‘ತಂಡಕ್ಕೆ ಪಾದರಕ್ಷೆಗಳನ್ನು ಪ್ರಾಯೋಜಿಸಬೇಕಾಗಿ ವಿನಂತಿ.’ ಓದಿದರೆ ನನಗೇ ನಗು ಬರುತ್ತೆ. ‘ಪೋಷಕರಾಗಿ’ ಅನ್ನಲೇ?

ನಿವೃತ್ತ, ಮೈಸೂರು:
‘ಪೋಷಕರು’ ಬೇಡವೇ ಬೇಡ. ಶಾಲೆಯಿಂದ ಹೋಗುವ ಕಾಗದದಲ್ಲಿ ಅದಕ್ಕೆ ಅಪ್ಪ-ಅಮ್ಮ ಅಂತಲೇ ಅರ್ಥ. ‘ಪ್ರಾಯೋಜಿಸು’ ಇನ್ನೂ ಅಸಹ್ಯ. ಪಾಣಿನಿಯ ‘ಪ್ರಯೋಜಕ’ ಇನ್ನೊಬ್ಬರ ಕೈಲಿ ಕೆಲಸ ಮಾಡಿಸುವವನು, ದುಡ್ಡು ಬಿಚ್ಚುವವನಲ್ಲ. ದೀರ್ಘ ಎಳೆದ ‘ಪ್ರಾಯೋಜಕ’ ಹಿಂದಿಯವರ ಬಳಕೆ. ನಮ್ಮ ಜನಕ್ಕೆ ಗೊತ್ತಿರುವುದು ‘ಅಪ್ರಯೋಜಕ’ ಒಂದೇ.

ಎಲ್ಲರ ಕನ್ನಡ:
ಪಾಣಿನಿಗೆ ಶಿರಾದಲ್ಲೇನು ಕೆಲಸ? ‘ಓಟದ ಕೆರಗಳಿಗೆ ಒತ್ತಾಸೆಯಾಗಿ ನಿಲ್ಲಿ’ ಅಂತ ಬರೆಯಿರಿ. ಹಳಗನ್ನಡದಲ್ಲೇ ‘ಕೆರ್ಪು’ ಇದೆ.

ನಿವೃತ್ತ, ಮೈಸೂರು:
ಬರೆಯಲಿ. ಅಂಗಡಿಯವನು ಕೆರ ಹಿಡಿದುಕೊಂಡೇ ಬರುತ್ತಾನೆ.

ಮಂಗಳೂರಿನವಳು:
ನಮ್ಮ ತಮ್ಮ ಗಲ್ಫಿನಲ್ಲಿದ್ದಾಗ ಸ್ಪಾನ್ಸರಿಗೆ ‘ಕಫೀಲ್’ ಅನ್ನುತ್ತಿದ್ದ. ವೀಸಾಕ್ಕೆ ಅವನ ಸಹಿ ಬೇಕಿತ್ತು. ಅದು ನಡೆಯುತ್ತದಾ?

ಅಂಗಡಿ ಲೆಕ್ಕದವಳು, ದಾವಣಗೆರೆ:
ಇಲ್ಲಕ್ಕಾ, ಇದು ಬೇರೆ.
ಮೇಷ್ಟ್ರೇ, ಒಂಬತ್ತು ವರ್ಷ ಇಂಥದೇ ಅಂಗಡಿಯಲ್ಲಿ ಕೂತವಳು ಹೇಳ್ತೀನಿ. ನಿಮ್ಮ ಕಾಗದ ಓದುವವರು ಮೊದಲು ನೋಡೋದು, ಧರ್ಮಕ್ಕೆ ಕೇಳ್ತಿದ್ದಾರೋ, ನಮ್ಮ ಹೆಸರು ಎಲ್ಲಾದರೂ ಕಾಣುತ್ತೋ ಅಂತ. ಧರ್ಮಕ್ಕಾದರೆ ಅದು ದಾನ. ಬನಿಯನ್ ಬೆನ್ನ ಮೇಲೆ ಅಂಗಡಿ ಹೆಸರು ಹಾಕಿಸಿದರೆ ಸ್ಪಾನ್ಸರ್. ‘ಕೊಡುಗೆ’ ಅಂದುಬಿಟ್ಟೀರಿ, ನಮ್ಮಲ್ಲಿ ಅದು ಹಬ್ಬದ ರಿಯಾಯಿತಿಯ ಬೋರ್ಡು. ಹಾಗಾಗಿ ನಾಮಪದ ಹುಡುಕಬೇಡಿ, ಕ್ರಿಯೆಯಲ್ಲೇ ಹೇಳಿ: ‘12 ಜೊತೆ ಓಟದ ಶೂ ತಮ್ಮ ಅಂಗಡಿಯ ವತಿಯಿಂದ ಕೊಡಿಸಿಕೊಡಬೇಕು. ಮಕ್ಕಳ ಬನಿಯನ್ ಮೇಲೆ ತಮ್ಮ ಅಂಗಡಿಯ ಹೆಸರು ಹಾಕಿಸುತ್ತೇವೆ.’
‘ಪಾದರಕ್ಷೆ’ ತೆಗೆಯಿರಿ, ಅದರಲ್ಲಿ ಹವಾಯಿ ಚಪ್ಪಲಿಯೂ ಬಂತು. ಬರೀ ‘ಶೂ’ ಅಂದರೂ ಸಾಲದು. ನಿಮ್ಮದು ಸರ್ಕಾರಿ ಶಾಲೆಯಾದರೆ ‘ಸರ್ಕಾರವೇ ಶೂ ಕೊಡುತ್ತಲ್ಲ’ ಅಂತಾರೆ. ಅದು ಯೂನಿಫಾರ್ಮಿನ ಕಪ್ಪು ಶೂ, ಓಡೋಕಲ್ಲ ಅಂತ ಒಂದು ಸಾಲು ಸೇರಿಸಿ. ಪ್ರತಿ ಮಗುವಿನ ಅಳತೆ ನಂಬರನ್ನು ಸಂಜೆ ನಿಲ್ಲಿಸಿ ತೆಗೆದುಕೊಳ್ಳಿ, ಆಗ ಕಾಲು ಒಂಚೂರು ಊದಿರುತ್ತೆ. ಯಾರಿಗಾದರೂ ಸ್ಪೈಕ್ಸ್ ಬೇಕಿದ್ದರೆ ಬೇರೆ ಸಾಲಿನಲ್ಲಿ ಕೇಳಿ. 100 ಮೀಟರ್ ಓಡುವವಳಿಗೆ ಸರಿ, ಗುಂಡು ಎಸೆಯುವವನಿಗೆ ಯಾಕೆ?

ಎಲ್ಲರ ಕನ್ನಡ:
‘ವತಿಯಿಂದ’ ಕನ್ನಡವೇ?

ನಿವೃತ್ತ, ಮೈಸೂರು:
‘ಶೂ’ ಮಾತ್ರ ಕನ್ನಡವೋ? ಅದನ್ನು ಯಾರೂ ಕೇಳಲಿಲ್ಲವಲ್ಲ.

ಎಲ್ಲರ ಕನ್ನಡ:
ಜನ ಆಡುತ್ತಾರೆ, ಅದಕ್ಕೇ ಕನ್ನಡ.

ನಿವೃತ್ತ, ಮೈಸೂರು:
ಹಾಗಾದರೆ ‘ಸ್ಪಾನ್ಸರ್’ ಕೂಡ ಜನ ಆಡುತ್ತಾರೆ. ನಿಮ್ಮ ‘ಒತ್ತಾಸೆ’ ಯಾಕೆ ಬಂತು?

ಪಿ.ಟಿ. ಮೇಷ್ಟ್ರು, ಶಿರಾ:
ದಾವಣಗೆರೆ ಅಕ್ಕನ ಸಾಲೇ ಹಾಕಿದೆ. ಗುಂಡಿನವನಿಗೂ ಸ್ಪೈಕ್ಸ್ ಬರೆದಿದ್ದೆ, ಹೊಡೆದುಹಾಕಿದೆ. ಟೈಪ್ ಮಾಡುವ ಹುಡುಗ ಕೇಳ್ತಿದ್ದಾನೆ: ‘ಜೊತೆ’ಯೋ ‘ಜತೆ’ಯೋ? ಮೈಸೂರಿನವರು ಬಿಟ್ಟು ಬೇರೆ ಯಾರಾದರೂ ಹೇಳಿ.